ಅಸಮತೆಯ ಚಿಹ್ನೆ ತಿರುಗುವುದೇಕೆ?

ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತಿಳಿಸುವ ಹೇಳಿಕೆಗೆ ಗಣಿತದಲ್ಲಿ ಅಸಮತೆ ಎಂದು ಹೆಸರು. ಅದರ ಎರಡೂ ಬದಿಗಳನ್ನು ಒಂದು ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗುತ್ತದೆ ಎಂಬ ನಿಯಮವನ್ನು ಅನೇಕರು ಬಾಯಿಪಾಠ ಮಾಡಿರುತ್ತಾರೆ. ಅದರ ಕಾರಣ ‘ಚಿಕ್ಕದು’ ಎಂಬ ಮಾತಿನ ಅರ್ಥದಲ್ಲಿಯೇ ಅಡಗಿದೆ.

a < b ಎಂದರೆ b − a ಎಂಬ ವ್ಯತ್ಯಾಸವು ಧನ ಸಂಖ್ಯೆ ಎಂದರ್ಥ. ಎರಡೂ ಬದಿಗಳನ್ನು c ಇಂದ ಗುಣಿಸಿದಾಗ ಹೊಸ ವ್ಯತ್ಯಾಸ bc − ac, ಅಂದರೆ c(b − a) ಆಗುತ್ತದೆ. c ಋಣವಾಗಿದ್ದರೆ ಈ ಗುಣಲಬ್ಧವೂ ಋಣವಾಗುವುದರಿಂದ bc ಎಂಬುದು ac ಗಿಂತ ಚಿಕ್ಕದಾಗಲೇಬೇಕು.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು 2 < 5 ಎಂಬುದನ್ನು ತೆಗೆದುಕೊಂಡು, ಗುಣಕವನ್ನು 1 ರಿಂದ ನಿಧಾನವಾಗಿ ಇಳಿಸುತ್ತಾ ಹೋಗೋಣ. ಗುಣಕ 0.5 ಆದಾಗ ಸಂಖ್ಯೆಗಳು 1 ಮತ್ತು 2.5 ಆಗಿ, 3 ಇದ್ದ ಅಂತರ 1.5 ಕ್ಕೆ ಕುಗ್ಗುತ್ತದೆ. ಗುಣಕ 0 ಆದಾಗ ಎರಡೂ ಸೊನ್ನೆಯಲ್ಲಿ ಸೇರಿ ಅಂತರವೇ ಇಲ್ಲವಾಗುತ್ತದೆ. ಇನ್ನೂ ಇಳಿಸಿ −1 ಕ್ಕೆ ಬಂದರೆ ಅವು ಸೊನ್ನೆಯ ಎಡಕ್ಕೆ ದಾಟಿ −2 ಮತ್ತು −5 ಆಗುತ್ತವೆ. ಬಲಗಡೆ ಸೊನ್ನೆಯಿಂದ ಹೆಚ್ಚು ದೂರವಿದ್ದ ಸಂಖ್ಯೆ ಎಡಗಡೆಯೂ ಹೆಚ್ಚು ದೂರವೇ ಉಳಿಯುವುದರಿಂದ, −2 > −5. ಕ್ರಮ ತಿರುಗುವುದು ಸೊನ್ನೆಯನ್ನು ದಾಟುವ ಆ ಕ್ಷಣದಲ್ಲಿ ಎಂಬುದು ನನಗೆ ಈ ವಿಷಯದ ಅತ್ಯಂತ ಸುಂದರವಾದ ಭಾಗವೆನಿಸುತ್ತದೆ.

ಈ ನಿಯಮವನ್ನು ಬಳಸದೆಯೂ ಅದೇ ಉತ್ತರವನ್ನು ಪಡೆಯಬಹುದು. 7 − 2x < 1 ರಲ್ಲಿ ಎರಡೂ ಬದಿಗೆ 2x ಕೂಡಿ, 1 ಕಳೆದರೆ 6 < 2x, ಅಂದರೆ x > 3. ನಿಯಮದಂತೆ −2x < −6 ಅನ್ನು −2 ರಿಂದ ಭಾಗಿಸಿದರೂ ಇದೇ ಬರುತ್ತದೆ, ಏಕೆಂದರೆ ಭಾಗಾಕಾರವೂ −1/2 ರಿಂದ ಮಾಡುವ ಗುಣಾಕಾರವೇ. ಚಿಹ್ನೆ ತಿರುಗಿಸಲು ಮರೆತವರಿಗೆ x < 3 ಸಿಗುತ್ತದೆ; ಆಗ x = 0 ಎಂದು ಇಟ್ಟು ನೋಡಿದರೆ 7 < 1 ಎಂಬ ಸುಳ್ಳು ಹೇಳಿಕೆ ಬಂದು ತಪ್ಪು ತಾನಾಗಿಯೇ ಹೊರಬೀಳುತ್ತದೆ.

ಗುಣಿಸುವ ಸಂಖ್ಯೆಯ ಚಿಹ್ನೆಯೇ ತಿಳಿಯದಿದ್ದಾಗ ಇದಕ್ಕಿಂತ ಸೂಕ್ಷ್ಮವಾದ ತಪ್ಪು ನಡೆಯುತ್ತದೆ. 6/x > 2 ಅನ್ನು ಬಿಡಿಸುವಾಗ ಯೋಚಿಸದೆ x ಇಂದ ಗುಣಿಸಿದರೆ 6 > 2x, ಅಂದರೆ x < 3 ಎಂಬ ಉತ್ತರ ಬರುತ್ತದೆ. ಆದರೆ x = −1 ಆದಾಗ ಎಡಬದಿ −6 ಆಗುತ್ತದೆ, ಅದು 2 ಕ್ಕಿಂತ ದೊಡ್ಡದಲ್ಲ. ಆದ್ದರಿಂದ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಬೇಕು: x ಧನವಾಗಿದ್ದರೆ ಚಿಹ್ನೆ ಹಾಗೆಯೇ ಉಳಿದು 0 < x < 3 ಸಿಗುತ್ತದೆ, x ಋಣವಾಗಿದ್ದರೆ ಚಿಹ್ನೆ ತಿರುಗಿ 6 < 2x, ಅಂದರೆ x > 3 ಆಗಬೇಕಾಗುತ್ತದೆ. ಯಾವ ಋಣ ಸಂಖ್ಯೆಯೂ 3 ಕ್ಕಿಂತ ದೊಡ್ಡದಲ್ಲವಾದ್ದರಿಂದ ಆ ಕಡೆ ಪರಿಹಾರವೇ ಇಲ್ಲ, ಮೊದಲ ಸಂದರ್ಭದ 0 < x < 3 ಮಾತ್ರವೇ ಪೂರ್ಣ ಉತ್ತರ.