ಸೀರೆ ಕ್ಯಾಟಲಾಗ್ ಫೋಟೋ ಪರಿಶೀಲನೆ: ಬಣ್ಣ ಜಾರಿದ್ದು ಎಡಿಟಿಂಗ್‌ನಲ್ಲೋ, ಬೆಳಕಿನಲ್ಲೋ?

ಒಂದು ಬ್ರ್ಯಾಂಡ್‌ನ 12 ರೇಷ್ಮೆ ಸೀರೆಗಳು, ಒಬ್ಬರೇ ಮಾಡೆಲ್, ಹಿಂದೆ ಬೂದು ಗೋಡೆ, ಎಡಕ್ಕೆ ಕಿಟಕಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಲ್ಲವನ್ನೂ ಆಯ್ದು `N` ಒತ್ತಿದರೆ ಒಟ್ಟಿಗೆ ಕಾಣುತ್ತವೆ. ಚಿತ್ರಗಳು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಗುಂಪಿಗೆ ಸೇರದ ಫ್ರೇಮ್ ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಸಾಮಾನ್ಯವಾಗಿ ಮೊದಲು ಕಾಣುವುದು ಕೆಂಪು ಸೀರೆಯ ಫ್ರೇಮ್. ಗೋಡೆ ಹಸಿರು-ನೀಲಿಗೆ ತಿರುಗಿರುತ್ತದೆ. ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿದ್ದರೆ ಫ್ರೇಮ್ ತುಂಬಿದ ಕೆಂಪನ್ನು ಬೆಳಕಿನದೇ ಬಣ್ಣವೆಂದು ಎಣಿಸಿ ಕಳೆಯಲು ಹೋಗುತ್ತದೆ. ಅದಕ್ಕೇ ಶೂಟಿಂಗ್ ವೇಳೆ ವೈಟ್ ಬ್ಯಾಲೆನ್ಸ್ ಒಂದೇ ಅಂಕಿಗೆ ಕಟ್ಟಿಹಾಕಬೇಕು, ಮೊದಲ ಫ್ರೇಮ್‌ನಲ್ಲಿ ಗ್ರೇ ಕಾರ್ಡ್ ಹಿಡಿಸಬೇಕು.

ನಿಧಾನವಾಗಿ ಓದಬೇಕಾದ ಭಾಗ

ಸರಿ ಬಂದ ಒಂದು ಫ್ರೇಮನ್ನು `Develop`ನಲ್ಲಿ ತೆರೆದು ಗೋಡೆಯ ಮೇಲೆ ಕರ್ಸರ್ ಇಡಿ. ಹಿಸ್ಟೋಗ್ರಾಮ್ ಕೆಳಗಿನ R, G, B ಮೂರೂ ಸುಮಾರು 62 ಎಂದುಕೊಳ್ಳಿ. ಕೆಂಪು ಸೀರೆಯ ಫ್ರೇಮ್‌ನಲ್ಲಿ ಅದೇ ಜಾಗ 58, 62, 63 ತೋರಿಸಬಹುದು. ಸೀರೆಯ ಪಕ್ಕದ ಗೋಡೆಯನ್ನು ಅಳೆಯಬೇಡಿ, ಅಲ್ಲಿ ಸೀರೆಯ ಕೆಂಪೇ ಪ್ರತಿಫಲಿಸಿರುತ್ತದೆ. ಮೇಲಿನ ಮೂಲೆ ವಾಸಿ.

ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಕಿಟಕಿ ಕಡೆ ಒಂದು, ನೆರಳಿನ ಕಡೆ ಒಂದು, ಹೀಗೆ ಎರಡು ಜಾಗ ಅಳೆಯಲೇಬೇಕು. ಎರಡೂ ಕಡೆ ಬಣ್ಣ ಒಂದೇ ದಿಕ್ಕಿಗೆ ವಾಲಿದ್ದರೆ ದೋಷ ವೈಟ್ ಬ್ಯಾಲೆನ್ಸ್‌ನದು. `Temp`, `Tint` ಸರಿಪಡಿಸಿದರೆ ಮುಗಿಯಿತು. ಕಿಟಕಿ ಕಡೆ 62, 62, 62 ಇದ್ದು ನೆರಳಿನ ಕಡೆ 50, 47, 41 ಬಂದರೆ ಕೋಣೆಯ ಹಳದಿ ಬಲ್ಬ್ ಉರಿಯುತ್ತಿತ್ತು ಎಂದರ್ಥ. ಆಗ `Temp` ಇಳಿಸಿದರೆ ನೆರಳು ಸರಿಹೋಗುತ್ತದೆ, ಆದರೆ ಕೆನ್ನೆಯ ಕಿಟಕಿ ಬದಿ ನೀಲಿಯಾಗುತ್ತದೆ. ಏರಿಸಿದರೆ ನೆರಳು ಇನ್ನೂ ಹಳದಿ. ಒಂದು ಸ್ಲೈಡರ್ ಇಡೀ ಚಿತ್ರವನ್ನು ಒಂದೇ ಕಡೆ ತಳ್ಳುತ್ತದೆ. ಎರಡು ಬಣ್ಣದ ಬೆಳಕನ್ನು ಅದು ಒಂದು ಮಾಡಲಾರದು.

ಹಳದಿ ಗೋಡೆಯಲ್ಲಷ್ಟೇ ಇದ್ದರೆ ಮಾಸ್ಕ್ ಹಾಕಿ ಅಲ್ಲಿ ಮಾತ್ರ `Temp` ಇಳಿಸಬಹುದು. ಸೆರಗಿನ ಮಡಿಕೆಗಳೊಳಗೆ ಹೊಕ್ಕಿದ್ದರೆ ಮರುಶೂಟ್ ಎಂದೇ ಬರೆಯಿರಿ. ಪ್ರತಿ ಮಡಿಕೆಯ ಒಂದು ಮಗ್ಗುಲಿಗೆ ಕಿಟಕಿ ಬೆಳಕು, ಇನ್ನೊಂದಕ್ಕೆ ಬಲ್ಬಿನದು ಬಿದ್ದಿರುತ್ತದೆ, ಬಿಡಿಸುವುದು ಆಗದ ಮಾತು. ಜರಿಯ ನಿಜ ಬಣ್ಣವೂ ಕೈತಪ್ಪುತ್ತದೆ, ಸೀರೆ ಕೊಳ್ಳುವವರು ನೋಡುವುದೇ ಅದನ್ನು.

ಉಳಿದವು

ಬೆಳಕಿನ ದಿಕ್ಕಿಗೆ ಮೂಗಿನ ನೆರಳು ನೋಡಿ. 11 ಫ್ರೇಮ್‌ಗಳಲ್ಲಿ ಅದು ಒಂದೇ ಕಡೆ ಬಿದ್ದು ಒಂದರಲ್ಲಿ ಎದುರು ಕಡೆ ಬಿದ್ದಿದ್ದರೆ ಯಾರೋ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿರಬಹುದು. ಉಳಿದವುಗಳಲ್ಲಿ ಎಡ ಹೆಗಲ ಮೇಲಿರುವ ಸೆರಗು ಅದರಲ್ಲಿ ಬಲ ಹೆಗಲಿಗೆ ಹೋಗಿದ್ದರೆ ಅನುಮಾನವೇ ಬೇಡ.

ಫ್ರೇಮಿಂಗ್‌ಗೆ ಎಲ್ಲವನ್ನೂ 4:5ಕ್ಕೆ ಕತ್ತರಿಸಿ, ಕಣ್ಣಿನ ಸಾಲು ಒಂದೇ ಎತ್ತರದಲ್ಲಿದೆಯೇ, ಸೀರೆಯ ಕೆಳಗಿನ ಅಂಚು ಪೂರ್ತಿ ಕಾಣುತ್ತದೆಯೇ ನೋಡಿ. ಅಂಚು ತುಂಡಾಗಿದ್ದರೆ ಕ್ರಾಪ್ ಸಡಿಲಿಸಿ. ಮೂಲ ಫೈಲ್‌ನಲ್ಲೇ ಇಲ್ಲದಿದ್ದರೆ ಅದೂ ಮರುಶೂಟ್ ಪಟ್ಟಿಗೆ.