ನಾಲ್ಕು ಮಿನಾರುಗಳ ಅಳತೆಗೋಲು

ತಾಜ್‌ಮಹಲಿನ ಗೋಡೆಗೆ ತಾಗಿಕೊಂಡೇ ಯಾರೋ ಮಹಡಿ ಮನೆ ಕಟ್ಟಿದ್ದಾರೆಂಬ ಒಕ್ಕಣೆಯೊಡನೆ ಒಂದು ಚಿತ್ರ ನಮ್ಮ ಮೇಜಿಗೆ ಬಂದಿತ್ತು. ಮುಂದೆ ಒಂದು ತಾರಸಿ, ಅದರ ಮೇಲೆ ಕಪ್ಪು ಬಣ್ಣದ ನೀರಿನ ಟ್ಯಾಂಕು, ಒಣಹಾಕಿದ ಎರಡು ಸೀರೆ. ಅದರ ಬೆನ್ನಿಗೇ ಆಕಾಶವನ್ನು ಅರ್ಧ ತುಂಬಿದ ಬಿಳಿ ಗುಮ್ಮಟ. ಟ್ಯಾಂಕಿನ ಮುಚ್ಚಳ ತೆಗೆದು ಕೈ ಚಾಚಿದರೆ ಅಮೃತಶಿಲೆ ಸಿಗಬಹುದೇನೋ ಎನ್ನಿಸುವಂತಿತ್ತು. ಚಿತ್ರವನ್ನು ಯಾರೂ ತಿದ್ದಿರಲಿಲ್ಲ. ಆದರೂ ಅದು ಹೇಳುತ್ತಿದ್ದ ದೂರ ಸುಳ್ಳಾಗಿತ್ತು.

ಚಿತ್ರದಲ್ಲಿರುವ ಗುರುತುಗಳನ್ನು ನಕ್ಷೆಯ ಗುರುತುಗಳಿಗೆ ಹೊಂದಿಸುವ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಜೂಮ್ ಲೆನ್ಸ್ ದೂರವನ್ನು ಅದುಮುತ್ತದೆ, ವೈಡ್ ಆಂಗಲ್ ಲೆನ್ಸ್ ದೂರವನ್ನು ಹಿಗ್ಗಿಸುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಆಡುಮಾತಿಗೆ ಅಷ್ಟು ಸಾಕು. ಅಳತೆಗೆ ಕೂತಾಗ ಅದೇ ಮಾತು ದಾರಿ ತಪ್ಪಿಸುತ್ತದೆ. ಎರಡು ವಸ್ತುಗಳು ಚಿತ್ರದಲ್ಲಿ ಒಂದಕ್ಕೊಂದು ಯಾವ ಪ್ರಮಾಣದಲ್ಲಿ ಕಾಣಬೇಕು ಎಂಬುದನ್ನು ನಿರ್ಧರಿಸುವುದು ಲೆನ್ಸ್ ಅಲ್ಲ, ಛಾಯಾಗ್ರಾಹಕ ನಿಂತ ಜಾಗ. ನಂಬಿಕೆ ಬಾರದಿದ್ದರೆ ಮನೆಯ ತಾರಸಿಯಿಂದ ಒಂದು ಹೆಜ್ಜೆಯೂ ಕದಲದೆ, ಮೊಬೈಲಿನಲ್ಲಿ ಒಮ್ಮೆ ಜೂಮ್ ಇಲ್ಲದೆ, ಇನ್ನೊಮ್ಮೆ ಮೂರು ಪಟ್ಟು ಜೂಮ್ ಹಾಕಿ ಎದುರಿನ ರಸ್ತೆಯ ಚಿತ್ರ ತೆಗೆಯಿರಿ. ಮೊದಲ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ ಎರಡನೆಯದರ ಮೇಲಿಟ್ಟರೆ ಕಂಬದ ಮೇಲೆ ಕಂಬ, ಕಿಟಕಿಯ ಮೇಲೆ ಕಿಟಕಿ ಕೂರುತ್ತದೆ. ಮೊದಲನೆಯದು ಮಸುಕಾಗಿರುತ್ತದೆ, ಅಷ್ಟೇ. ಜೂಮ್ ಮಾಡುವವನು ಸಾಮಾನ್ಯವಾಗಿ ದೂರದಲ್ಲಿ ನಿಂತಿರುತ್ತಾನೆ, ವೈಡ್ ಬಳಸುವವನು ಹತ್ತಿರದಲ್ಲಿ ನಿಂತಿರುತ್ತಾನೆ. ಅವರ ಕಾಲು ಮಾಡಿದ ಕೆಲಸದ ಹೆಸರು ಲೆನ್ಸಿಗೆ ಅಂಟಿಕೊಂಡಿದೆ.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ಯಾವ ಲೆನ್ಸ್ ಬಳಸಿದರು, ಎಷ್ಟು ಜೂಮ್ ಹಾಕಿದರು, ಆಮೇಲೆ ಎಷ್ಟು ಕತ್ತರಿಸಿದರು ಎಂಬುದು ತಿಳಿಯದಿದ್ದರೂ, ಚಿತ್ರದೊಳಗಿನ ಎರಡು ಅಳತೆಗಳ ಅನುಪಾತ ಕೆಡದೆ ಉಳಿದಿರುತ್ತದೆ. ಒಂದೇ ಎತ್ತರದ ಎರಡು ವಸ್ತುಗಳು ಒಂದರ ಹಿಂದೆ ಒಂದಿದ್ದು, ಅವುಗಳ ನಡುವಿನ ನಿಜವಾದ ಅಂತರ ನಮಗೆ ಗೊತ್ತಿದ್ದರೆ, ಛಾಯಾಗ್ರಾಹಕ ಎಷ್ಟು ದೂರದಲ್ಲಿದ್ದ ಎಂಬುದನ್ನು ಆ ಅನುಪಾತವೇ ಹೇಳುತ್ತದೆ. ತಾಜ್‌ಮಹಲಿನಷ್ಟು ಒಳ್ಳೆಯ ಅಳತೆಗೋಲು ಈ ಕೆಲಸಕ್ಕೆ ಸಿಗುವುದು ಅಪರೂಪ. ಸುಮಾರು 95 ಮೀಟರ್ ಚೌಕದ ಜಗಲಿಯ ನಾಲ್ಕು ಮೂಲೆಗಳಲ್ಲಿ ಒಂದೇ ಅಚ್ಚಿನ ನಾಲ್ಕು ಮಿನಾರುಗಳಿವೆ; ದಕ್ಷಿಣದಿಂದ ನೋಡುವವನಿಗೆ ಎರಡು ಮುಂದೆ, ಎರಡು ಹಿಂದೆ.

ಲೆಕ್ಕ ಸರಳವಾಗಿದೆ. ಮುಂದಿನ ಮಿನಾರಿನ ಪಿಕ್ಸೆಲ್ ಎತ್ತರವನ್ನು ಹಿಂದಿನದರ ಎತ್ತರದಿಂದ ಭಾಗಿಸಿ, ಬಂದ ಅನುಪಾತದಿಂದ 1 ಕಳೆದು, ಉಳಿದದ್ದರಿಂದ 95ನ್ನು ಭಾಗಿಸಿದರೆ ಕ್ಯಾಮೆರಾದಿಂದ ಮುಂದಿನ ಮಿನಾರಿಗಿರುವ ದೂರ ಮೀಟರಿನಲ್ಲಿ ಬರುತ್ತದೆ. ಜಗಲಿಯಿಂದ 50 ಮೀಟರ್ ದೂರದಲ್ಲಿ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಅನುಪಾತ 2.9, ಹಿಂದಿನ ಮಿನಾರುಗಳು ಮುಂದಿನವುಗಳ ಮಕ್ಕಳಂತೆ ಕಾಣುತ್ತವೆ, ಕಟ್ಟಡ ಫರ್ಲಾಂಗುಗಟ್ಟಲೆ ಒಳಕ್ಕೆ ಹೋದಂತೆ ತೋರುತ್ತದೆ. 300 ಮೀಟರಿನಿಂದ ಅದು 1.32ಕ್ಕೆ ಇಳಿಯುತ್ತದೆ. ಎರಡು ಕಿಲೋಮೀಟರಿನಿಂದ 1.05ಕ್ಕಿಂತ ಕಡಿಮೆಯಾಗಿ, ನಾಲ್ಕೂ ಮಿನಾರುಗಳು ಒಂದೇ ಸಾಲಿನಲ್ಲಿ ನಿಂತಂತೆ ಕಾಣುತ್ತವೆ.

ನಮಗೆ ಬಂದ ಚಿತ್ರಕ್ಕೆ ಮರಳುತ್ತೇನೆ. ಮೊದಲು ಸಿಕ್ಕಿದ್ದು ವಾಟ್ಸ್‌ಆ್ಯಪ್ ಪ್ರತಿ, 1,600 ಪಿಕ್ಸೆಲ್ ಅಗಲದ್ದು. ಮಿನಾರುಗಳ ಬುಡ ಮನೆಗಳ ಹಿಂದೆ ಮರೆಯಾಗಿದ್ದರಿಂದ, ಕೆಳಗಿನ ಮೊದಲ ಮೊಗಸಾಲೆಯಿಂದ ತುದಿಯ ಕಳಸದವರೆಗಿನ ಭಾಗವನ್ನು ಮಾತ್ರ ಅಳೆದೆವು. ಎರಡರಲ್ಲೂ ಅದೇ ಭಾಗವನ್ನು ಅಳೆದರೆ ಸಾಕು, ಪೂರ್ತಿ ಎತ್ತರ ಬೇಕಿಲ್ಲ. ಮುಂದಿನದು 114 ಪಿಕ್ಸೆಲ್, ಹಿಂದಿನದು 102. ಲೆಕ್ಕಕ್ಕೆ ಸುಮಾರು 800 ಮೀಟರ್ ಬಂತು. ಆದರೆ ಇಂಥ ಒತ್ತಿದ ಚಿತ್ರದಲ್ಲಿ ಅಂಚು ಎಲ್ಲಿದೆ ಎಂಬುದರಲ್ಲೇ ಎರಡು ಪಿಕ್ಸೆಲ್ ಆಚೀಚೆಯಾಗುತ್ತದೆ. ಮುಂದಿನದಕ್ಕೆ 2 ಕೂಡಿಸಿ ಹಿಂದಿನದರಿಂದ 2 ಕಳೆದರೆ 600 ಮೀಟರ್. ತಿರುಗುಮುರುಗು ಮಾಡಿದರೆ 1,200 ಮೀಟರಿಗೂ ಹೆಚ್ಚು. ‘ಗೋಡೆಗೆ ತಾಗಿಕೊಂಡು ನಿಂತು ತೆಗೆದದ್ದಲ್ಲ’ ಎನ್ನಲು ಇದು ಸಾಕಿತ್ತು, ಎಲ್ಲಿಂದ ತೆಗೆದದ್ದು ಎನ್ನಲು ಸಾಲದು. ಹಾಗಾಗಿ ಚಿತ್ರ ಕಳುಹಿಸಿದವರನ್ನು ಹುಡುಕಿ, ಮೂಲ ಪ್ರತಿಯನ್ನೇ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ ಎಂದು ಕೇಳಿಕೊಂಡೆವು.

4,000 ಪಿಕ್ಸೆಲ್ ಅಗಲದ ಮೂಲ ಪ್ರತಿ ಬಂದ ಮೇಲೆ ಎತ್ತರದ ಬದಲು ಅಡ್ಡ ಅಂತರವನ್ನು ಅಳೆದೆವು, ಏಕೆಂದರೆ ಅಳೆಯುವ ಗೆರೆ ಉದ್ದವಾದಷ್ಟೂ ಎರಡು ಪಿಕ್ಸೆಲಿನ ತಪ್ಪು ಸಣ್ಣದಾಗುತ್ತದೆ. ಮುಂದಿನ ಎರಡು ಮಿನಾರುಗಳ ನಡುವೆ 932 ಪಿಕ್ಸೆಲ್, ಹಿಂದಿನ ಎರಡರ ನಡುವೆ 839. ಅನುಪಾತ 1.11; ದೂರ ಸುಮಾರು 860 ಮೀಟರ್. ಅದೇ ಎರಡು ಪಿಕ್ಸೆಲ್ ತಪ್ಪು ಹಿಡಿದರೂ ಉತ್ತರ 820 ಮತ್ತು 900ರ ನಡುವೆಯೇ ನಿಂತಿತು. ಕಟ್ಟಡವನ್ನು ನೇರ ಎದುರಿನಿಂದಲ್ಲದೆ ಸ್ವಲ್ಪ ಓರೆಯಿಂದ ನೋಡಿದಾಗ ಚೌಕದ ಆಳ 95ಕ್ಕಿಂತ ತುಸು ಕಡಿಮೆಯಾಗುತ್ತದೆ ನಿಜ, ಆದರೆ ಓರೆ ಹತ್ತು ಡಿಗ್ರಿಯೊಳಗಿದ್ದರೆ ಆ ವ್ಯತ್ಯಾಸ ಶೇಕಡಾ 2ರಷ್ಟೂ ಇರುವುದಿಲ್ಲ. ಅಂದರೆ ಛಾಯಾಗ್ರಾಹಕ ನಿಂತದ್ದು ಸಂಕೀರ್ಣದ ದಕ್ಷಿಣ ದ್ವಾರವನ್ನೂ ದಾಟಿ, ತಾಜ್‌ಗಂಜ್ ಬಡಾವಣೆಯ ಒಳಗೆ.

ಇಷ್ಟಕ್ಕೇ ಹಲವರು ಕೈಚೆಲ್ಲುತ್ತಾರೆ. ಆದರೆ ಒಕ್ಕಣೆ ದೂರಿದ್ದು ಛಾಯಾಗ್ರಾಹಕನನ್ನಲ್ಲ, ಟ್ಯಾಂಕು ಇರುವ ಮನೆಯನ್ನು. ಕ್ಯಾಮೆರಾ 860 ಮೀಟರ್ ದೂರದಲ್ಲಿದ್ದರೂ ಆ ಮನೆ ಗೋಡೆಯ ಪಕ್ಕದಲ್ಲೇ ಇದ್ದಿರಬಹುದಲ್ಲ? ಈ ಪ್ರಶ್ನೆಗೆ ಅದೇ ಅಂಕಿಗಳು ಉತ್ತರ ಕೊಡುತ್ತವೆ. 860 ಮೀಟರ್ ದೂರದ 95 ಮೀಟರ್ 932 ಪಿಕ್ಸೆಲ್ ಆಗಿದೆಯಾದರೆ, ಈ ಚಿತ್ರದ ಯಾವುದೇ ವಸ್ತುವಿಗೂ ಅದರ ನಿಜವಾದ ಅಗಲವನ್ನು ಸುಮಾರು 8,400ರಿಂದ ಗುಣಿಸಿ ಅದರ ದೂರದಿಂದ ಭಾಗಿಸಿದರೆ ಪಿಕ್ಸೆಲ್ ಅಗಲ ಬರಬೇಕು. ಟ್ಯಾಂಕು 150 ಪಿಕ್ಸೆಲ್ ಅಗಲವಿತ್ತು. ಮನೆಗಳ ಮೇಲೆ ಕಾಣುವ ಸಾವಿರ ಲೀಟರಿನ ಟ್ಯಾಂಕು ಸುಮಾರು 1.1 ಮೀಟರ್ ಅಗಲವಿರುತ್ತದೆ. ಹಾಗಿದ್ದರೆ ಅದು ಕ್ಯಾಮೆರಾದಿಂದ 60 ಮೀಟರ್ ಚಿಲ್ಲರೆ ದೂರದಲ್ಲಿತ್ತು. ಟ್ಯಾಂಕು ಇನ್ನೂ ಸಣ್ಣದಾಗಿದ್ದರೆ ಮತ್ತೂ ಹತ್ತಿರ. ಅದು ಸಂಕೀರ್ಣದ ದಕ್ಷಿಣದ ಗೋಡೆಯ ಬಳಿ, ಅಂದರೆ ಕ್ಯಾಮೆರಾದಿಂದ ಸುಮಾರು 400 ಮೀಟರ್ ಆಚೆ ಇದ್ದು ಇಷ್ಟೇ ದಪ್ಪ ಕಾಣಬೇಕಿದ್ದರೆ, ಅದರ ಅಗಲ ಏಳು ಮೀಟರ್ ಇರಬೇಕಾಗಿತ್ತು. ಪಕ್ಕದಲ್ಲಿ ಒಣಗುತ್ತಿದ್ದ ಸೀರೆಗಳೂ ಅದೇ ಪ್ರಮಾಣದಲ್ಲಿ ಬೆಳೆಯಬೇಕಾಗಿತ್ತು! ತಾರಸಿಯಿಂದ ಮಿನಾರಿನವರೆಗಿನ ಎಂಟು ನೂರು ಮೀಟರ್‌ನಲ್ಲಿದ್ದ ಬೀದಿಗಳು ತಾರಸಿಯ ಅಂಚಿನ ಕೆಳಗೆ ಅಡಗಿದ್ದವು. ನಡುವೆ ಏನೂ ಕಾಣದಿದ್ದಾಗ ನಮ್ಮ ಕಣ್ಣು ನಡುವೆ ಏನೂ ಇಲ್ಲವೆಂದೇ ತೀರ್ಮಾನಿಸುತ್ತದೆ.

8,400ನ್ನು ಚಿತ್ರದ 4,000 ಅಗಲದಿಂದ ಭಾಗಿಸಿ, ಹಳೆಯ ಫಿಲ್ಮಿನ ಚೌಕಟ್ಟಿನ ಅಗಲವಾದ 36 ಮಿಲಿಮೀಟರಿನಿಂದ ಗುಣಿಸಿದರೆ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 76 ಮಿಲಿಮೀಟರ್ ಲೆನ್ಸ್ ಎಂದಾಗುತ್ತದೆ. ಇದು ಇಂದಿನ ಹಲವು ಮೊಬೈಲುಗಳ ಮೂರು ಪಟ್ಟು ಜೂಮ್. ಮೋಸ ಮಾಡಲು ಫಿರಂಗಿಯಂಥ ಲೆನ್ಸ್ ಬೇಕೆಂದು ಭಾವಿಸುವವರಿಗಾಗಿ ಇದನ್ನು ಬರೆದೆ.

ವೈಡ್ ಲೆನ್ಸಿನ ಚಿತ್ರಗಳಿಗೂ ಈ ಲೆಕ್ಕ ಸಲ್ಲುತ್ತದೆ, ಒಂದು ಎಚ್ಚರಿಕೆಯೊಡನೆ. ಮೊಬೈಲಿನ 0.5x ಲೆನ್ಸ್ ಚಿತ್ರದ ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ. ನಡುವಿನಿಂದ 45 ಡಿಗ್ರಿ ಪಕ್ಕಕ್ಕಿರುವ ಗುಂಡು ಗುಮ್ಮಟ ಮೊಟ್ಟೆಯಾಗುತ್ತದೆ. ಇದು ಮಾತ್ರ ನಿಜಕ್ಕೂ ಲೆನ್ಸಿನ ಕೆಲಸ, ನಿಂತ ಜಾಗದ್ದಲ್ಲ. ಗುಂಡಗಿರಬೇಕಾದದ್ದು ಗುಂಡಗೆ ಕಾಣದಿದ್ದರೆ, ಅಥವಾ ನೇರ ಸೂರು ಬಿಲ್ಲಿನಂತೆ ಬಾಗಿದ್ದರೆ, ಆ ಭಾಗದ ಅಗಲವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡುವಿನ ಮೂರನೇ ಒಂದು ಭಾಗದಲ್ಲಿ ಸಿಗುವ ಗುರುತುಗಳಿಗಷ್ಟೇ ಕೈ ಹಾಕುತ್ತೇನೆ. ಕ್ಯಾಮೆರಾ ತಿರುಗಿಸುತ್ತಾ ಹೊಲಿದ ಪನೋರಮಾ ಚಿತ್ರಗಳನ್ನಂತೂ ಮುಟ್ಟುವುದೇ ಇಲ್ಲ.

ಕೊನೆಗೆ ಉಳಿದದ್ದು ಯಾವ ತಾರಸಿಯಿಂದ ತೆಗೆದದ್ದು ಎಂಬ ಪ್ರಶ್ನೆ. ಉಪಗ್ರಹ ಚಿತ್ರದಲ್ಲಿ 860 ಮೀಟರಿನ ಆಸುಪಾಸಿನಲ್ಲಿ ಸುಮಾರು 60 ಮೀಟರ್ ಎದುರಿಗೆ ಟ್ಯಾಂಕುಳ್ಳ ಎರಡು ತಾರಸಿಗಳು ಕಂಡವು. ಒಂದು ತಾಜ್‌ನ ನಡುಗೆರೆಯಿಂದ ಸುಮಾರು 90 ಮೀಟರ್ ಪೂರ್ವಕ್ಕೆ, ಇನ್ನೊಂದು 120 ಮೀಟರ್ ಪೂರ್ವಕ್ಕೆ. ದೂರದ ಲೆಕ್ಕ ಇವೆರಡನ್ನು ಬೇರ್ಪಡಿಸಲಾರದು. ಮಿನಾರುಗಳ ನಡುವಿನ ಸಂದುಗಳು ಬೇರ್ಪಡಿಸಬಲ್ಲವು. ನಡುಗೆರೆಯ ಮೇಲೆಯೇ ನಿಂತವನಿಗೆ ಹಿಂದಿನ ಎರಡು ಮಿನಾರುಗಳು ಮುಂದಿನವುಗಳಿಂದ ಎರಡೂ ಕಡೆ ಸಮನಾಗಿ ಸುಮಾರು 46 ಪಿಕ್ಸೆಲ್ ಒಳಗೆ ಕಾಣಬೇಕು. ಅವನು ಪೂರ್ವಕ್ಕೆ ಸರಿದಂತೆ ಹಿಂದಿನವು ಎರಡೂ ಬಲಕ್ಕೆ ಜಾರುತ್ತವೆ, ಈ ಚಿತ್ರದ ಪ್ರಮಾಣದಲ್ಲಿ ಒಂದು ಮೀಟರಿಗೆ ಸರಿಸುಮಾರು ಒಂದು ಪಿಕ್ಸೆಲಿನಂತೆ. ನಮ್ಮ ಚಿತ್ರದಲ್ಲಿ ಎಡಗಡೆಯ ಹಿಂದಿನ ಮಿನಾರು ಮುಂದಿನದಕ್ಕಿಂತ 163 ಪಿಕ್ಸೆಲ್ ಒಳಗಿತ್ತು. ಬಲಗಡೆಯದು ಮುಂದಿನದನ್ನು ದಾಟಿ 71 ಪಿಕ್ಸೆಲ್ ಹೊರಗೆ ಇಣುಕುತ್ತಿತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 117. ಮೊದಲ ತಾರಸಿಯಾಗಿದ್ದರೆ ಇದು 90ರ ಹತ್ತಿರ ಬರಬೇಕಿತ್ತು. ದಕ್ಷಿಣದ ಹೆಬ್ಬಾಗಿಲು ಎಡಗಡೆಯ ಮಿನಾರಿಗೂ ಹೊರಗೆ, ಅದನ್ನು ಮುಚ್ಚದೆ ನಿಂತಿದ್ದದ್ದು ಎರಡನೆಯ ತಾರಸಿಯಿಂದ ಎಳೆದ ಗೆರೆಗೆ ಸರಿಯಾಗಿ ಹೊಂದಿತು. ಚಿತ್ರ ತೆಗೆದವರಿಗೆ ಆ ತಾರಸಿಯ ಗುರುತು ಹೇಳಿದಾಗ, ಅದು ತಾವು ಉಳಿದುಕೊಂಡಿದ್ದ ವಸತಿಗೃಹದ ಮಹಡಿಯೆಂದೂ, ಚಿತ್ರ ಕಳುಹಿಸಿದ್ದು ಮನೆಯವರಿಗೆ ಮಾತ್ರವೆಂದೂ, ಒಕ್ಕಣೆ ತಮ್ಮದಲ್ಲವೆಂದೂ ಹೇಳಿದರು.