ನೇಮ್‌ಸರ್ವರ್ ಬದಲಿಸುವ ಮುನ್ನ ಟಿಟಿಎಲ್ ನೋಡಿ

ಹೊಸ ಹೋಸ್ಟಿಂಗ್ ಕೊಂಡಾಗ ಸಾಮಾನ್ಯವಾಗಿ ಎರಡು ನೇಮ್‌ಸರ್ವರ್ ಹೆಸರುಗಳೂ ಒಂದು ಐಪಿ ವಿಳಾಸವೂ ಸಿಗುತ್ತವೆ. ಡೊಮೇನನ್ನು ಅಲ್ಲಿಗೆ ತಿರುಗಿಸಲು ನೇಮ್‌ಸರ್ವರ್ ಹೆಸರುಗಳು ಅಥವಾ ಐಪಿ, ಇವೆರಡರಲ್ಲಿ ಒಂದು ದಾರಿ ಸಾಕು. ಡೊಮೇನ್ ಕೊಂಡ ಕಡೆ ನೇಮ್‌ಸರ್ವರ್ ಬದಲಿಸಿದರೆ ಎಲ್ಲ ಡಿಎನ್‌ಎಸ್ ರೆಕಾರ್ಡ್‌ಗಳ ಉಸ್ತುವಾರಿ ಹೊಸ ಕಂಪನಿಗೆ ಹೋಗುತ್ತದೆ. ಈಗಿರುವ ಡಿಎನ್‌ಎಸ್‌ನಲ್ಲೇ ಸೈಟ್‌ನ ಐಪಿ ಹೇಳುವ ಎ ರೆಕಾರ್ಡ್ ತಿದ್ದಿದರೆ ವೆಬ್‌ಸೈಟ್ ಮಾತ್ರ ಜಾಗ ಬದಲಿಸುತ್ತದೆ, ಮೇಲ್ ಇದ್ದಲ್ಲೇ ಇರುತ್ತದೆ. ಮೇಲ್ ಬೇರೆ ಕಡೆ ಇರುವವರಿಗೆ ನಮ್ಮ ಸಲಹೆ ಎರಡನೆಯದೇ. ನೇಮ್‌ಸರ್ವರ್ ಬದಲಿಸಲೇಬೇಕಾದರೆ ಮೇಲ್‌ಗೆ ಬೇಕಾದ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ರೆಕಾರ್ಡ್‌ಗಳನ್ನು ಮೊದಲೇ ಹೊಸ ಕಡೆ ನಕಲು ಮಾಡಿಡಿ. ಇದು ತಪ್ಪಿದರೆ ಸೈಟ್ ಚೆನ್ನಾಗಿ ತೆರೆದುಕೊಳ್ಳುತ್ತದೆ, ಆದರೆ ಮೇಲ್ ಬರುವುದು ನಿಲ್ಲುತ್ತದೆ.

ಬದಲಾವಣೆ ಜಗತ್ತಿಗೆಲ್ಲ ನಿಧಾನವಾಗಿ ಹರಡುತ್ತದೆ ಎಂದು ಹೇಳುವುದುಂಟು. ನಿಜವಾಗಿ ಯಾರೂ ಏನನ್ನೂ ಎಲ್ಲಿಗೂ ಕಳಿಸುವುದಿಲ್ಲ. ಹೆಸರಿಗೆ ಐಪಿ ಹುಡುಕಿಕೊಡುವ ನಿಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರ್ ಒಮ್ಮೆ ಪಡೆದ ಉತ್ತರವನ್ನು, ರೆಕಾರ್ಡ್‌ನಲ್ಲಿರುವ ಟಿಟಿಎಲ್ ಎಂಬ ಅಂಕಿ ಹೇಳಿದಷ್ಟು ಸೆಕೆಂಡು ಇಟ್ಟುಕೊಳ್ಳುತ್ತದೆ. ಆ ಅವಧಿ ಮುಗಿದ ಮೇಲೆ ಯಾರಾದರೂ ಸೈಟ್ ತೆರೆದಾಗಲೇ ಮತ್ತೆ ಕೇಳುವುದು.

ಎ ರೆಕಾರ್ಡ್‌ನ ಟಿಟಿಎಲ್ 14400 ಇದೆ ಎಂದುಕೊಳ್ಳಿ, ಅಂದರೆ ನಾಲ್ಕು ಗಂಟೆ. ಸಂಜೆ ಆರಕ್ಕೆ ಅದನ್ನು 300ಕ್ಕೆ ಇಳಿಸಿದರೂ 5:59ಕ್ಕೆ ಹಳೆಯ ಉತ್ತರ ಪಡೆದ ರಿಸಾಲ್ವರ್ 9:59ರವರೆಗೆ ಅದನ್ನೇ ಹಿಡಿದಿರುತ್ತದೆ. ಹಾಗಾಗಿ ಐಪಿ ಬದಲಿಸುವುದು ರಾತ್ರಿ ಹತ್ತರ ನಂತರ. ಆಗ ಹೆಚ್ಚಿನವರಿಗೆ ಐದೇ ನಿಮಿಷದಲ್ಲಿ ಹೊಸ ಸರ್ವರ್ ಸಿಗುತ್ತದೆ.

ನೇಮ್‌ಸರ್ವರ್ ವಿಷಯದಲ್ಲಿ ಈ ಉಪಾಯ ನಡೆಯದು. .com ಡೊಮೇನ್‌ಗಳ ನೇಮ್‌ಸರ್ವರ್ ಮಾಹಿತಿಗೆ ಮೇಲಿನ ಹಂತದಲ್ಲಿ, ಅಂದರೆ .com ನ ಸರ್ವರ್‌ಗಳಲ್ಲಿ, ಇರುವ ಟಿಟಿಎಲ್ 172800 ಸೆಕೆಂಡು, ಸರಿಯಾಗಿ ಎರಡು ದಿನ. ಅದನ್ನು ಇಳಿಸಲು ನಮಗೆ ಅಧಿಕಾರವಿಲ್ಲ. ಅಷ್ಟು ಹೊತ್ತು ಕೆಲವು ರಿಸಾಲ್ವರ್‌ಗಳು ಹಳೆಯ ನೇಮ್‌ಸರ್ವರನ್ನೇ ಕೇಳುತ್ತಿರಬಹುದು. ಆದ್ದರಿಂದ ಹಳೆಯ ಡಿಎನ್‌ಎಸ್‌ನಲ್ಲೂ ಹೊಸ ಐಪಿಯನ್ನೇ ಹಾಕಿ. ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಹಳೆಯ ಖಾತೆಯನ್ನು ಎರಡು ದಿನ ಮುಗಿಯುವ ಮೊದಲು ಮುಚ್ಚಬೇಡಿ.

ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಚಾಲೂ ಇದ್ದರೆ ಡೊಮೇನ್ ಕೊಂಡ ಕಡೆಯ ಡಿಎಸ್ ರೆಕಾರ್ಡನ್ನು ಮೊದಲು ತೆಗೆದು, ಅದರ ಟಿಟಿಎಲ್ ಮುಗಿಯುವವರೆಗೆ ತಡೆದು, ನಂತರ ನೇಮ್‌ಸರ್ವರ್ ಬದಲಿಸಿ. ಇಲ್ಲವಾದರೆ ಸಹಿ ಪರೀಕ್ಷಿಸುವ ರಿಸಾಲ್ವರ್‌ಗಳು `SERVFAIL` ಕೊಡುತ್ತವೆ, ಸೈಟ್ ತೆರೆಯುವುದೇ ಇಲ್ಲ.

ತಿದ್ದಿದ್ದು ಸರಿಯೇ ಎಂದು ನೋಡಲು ಬ್ರೌಸರ್ ನಂಬಬೇಡಿ. ನಿಮ್ಮ ಹೆಸರುಗಳನ್ನು ಹಾಕಿ ಹೀಗೆ ಕೇಳಿ:

```
dig @ns1.example.net example.com A
dig @8.8.8.8 example.com A
```

ಮೊದಲನೆಯದು ನೇಮ್‌ಸರ್ವರ್‌ನದೇ ಉತ್ತರ, ಎರಡನೆಯದು ಗೂಗಲ್‌ನ ರಿಸಾಲ್ವರ್‌ನದು. ಮೊದಲನೆಯದರಲ್ಲೇ ಹಳೆಯ ಐಪಿ ಬಂದರೆ ಎಷ್ಟು ಕಾದರೂ ಪ್ರಯೋಜನವಿಲ್ಲ, ರೆಕಾರ್ಡೇ ತಪ್ಪಾಗಿದೆ. ಅಲ್ಲಿ ಹೊಸದು, ಎರಡನೆಯದರಲ್ಲಿ ಹಳೆಯದು ಬಂದರೆ ಮಾತ್ರ ಕಾಯುವುದರಲ್ಲಿ ಅರ್ಥವಿದೆ. ಆ ಎರಡನೆಯ ಉತ್ತರದಲ್ಲಿ ಹೆಸರಿನ ಪಕ್ಕದ ಅಂಕಿ ಇನ್ನೆಷ್ಟು ಸೆಕೆಂಡು ಎಂದು ಹೇಳುತ್ತದೆ.

ಮನೆಯ ವೈಫೈಯಲ್ಲಿ ಹೊಸ ಸೈಟ್, ಮೊಬೈಲ್ ಡೇಟಾದಲ್ಲಿ ಎರಡು ದಿನ ಕಳೆದರೂ ಹಳೆಯದೇ ಬಂದರೆ ಐಪಿವಿ6 ವಿಳಾಸ ಹೇಳುವ `AAAA` ರೆಕಾರ್ಡ್ ನೋಡಿ. ಜಿಯೊದಂಥ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ಹೆಚ್ಚು, ಎ ರೆಕಾರ್ಡ್ ತಿದ್ದಿದವರು ಇದನ್ನು ಮರೆತಿರುತ್ತಾರೆ. ಹೊಸ ಸರ್ವರ್‌ಗೆ ಐಪಿವಿ6 ವಿಳಾಸ ಇಲ್ಲದಿದ್ದರೆ ಆ ರೆಕಾರ್ಡನ್ನೇ ಅಳಿಸಿಬಿಡಿ.